ಹನ್ನೆರಡು ವರ್ಷದ ನಂತರ ಮತ್ತೆ ಸಂಬಳ: ಹಳೆಯ ಪಿಎಫ್‌ನಿಂದಲೇ ಶುರು ಮಾಡಿ

ಪ್ರಶ್ನೆ: ನನಗೆ 46 ವರ್ಷ. 2005ರ ಸೆಪ್ಟೆಂಬರ್‌ನಿಂದ 2014ರ ಮೇ ತನಕ ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಅವಳಿ ಮಕ್ಕಳು, ನಂತರ ಅತ್ತೆಯವರ ಆರೈಕೆ ಎಂದು ಕೆಲಸ ಬಿಟ್ಟೆ. ಈಗ ಎರಡು ಕಡೆಯಿಂದ ಕರೆ ಬಂದಿದೆ. ಒಂದು ಕಡೆ ಕಾಯಂ ನೌಕರಿ, ವರ್ಷಕ್ಕೆ 12 ಲಕ್ಷ ಸಿಟಿಸಿ, ಮೂಲ ವೇತನ 45,000. ಇನ್ನೊಂದು ಕಡೆ ಕನ್ಸಲ್ಟೆಂಟ್ ಕರಾರು, ತಿಂಗಳಿಗೆ 1,10,000, ಪಿಎಫ್ ಇಲ್ಲ. ಕೆಲಸ ಬಿಟ್ಟಾಗ ಪಿಎಫ್‌ನಲ್ಲಿ ಮೂರೂವರೆ ಲಕ್ಷದಷ್ಟಿತ್ತು, ಅದನ್ನು ಮುಟ್ಟಿಲ್ಲ. ಮನೆ ಯಜಮಾನರ ಸಂಬಳದಲ್ಲಿ ನಡೆಯುತ್ತಿದೆ. ಮನೆ ಸಾಲದ ಕಂತು 38,000, ಇನ್ನು ಏಳು ವರ್ಷ ಇದೆ. ಹಳೆಯ ಪಿಎಫ್ ತೆಗೆದು ಸಾಲಕ್ಕೆ ಕಟ್ಟಲೇ? ನನ್ನ ನಿವೃತ್ತಿಗೆಂದು ಬೇರೇನೂ ಇಲ್ಲ. ಬೇಗ ಬೆಳೆಯಬೇಕಾದರೆ ಆಪ್ಷನ್ ಟ್ರೇಡಿಂಗ್ ಕಲಿತುಕೋ ಎಂದು ತಮ್ಮ ಹೇಳುತ್ತಾನೆ. 60ಕ್ಕೆ ಮೊದಲು ಏನಾದರೂ ಕೂಡಿಸಲು ಸಾಧ್ಯವೇ?
— ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಸಾಧ್ಯವಿದೆ. ನಿಮ್ಮ ಬಳಿ ಏನೂ ಇಲ್ಲವೆಂದು ನೀವು ಅಂದುಕೊಂಡಿರುವುದು ಮಾತ್ರ ಸರಿಯಲ್ಲ. ನೀವು ಕೈಬಿಟ್ಟು ಹೋದ ಆ ಮೂರೂವರೆ ಲಕ್ಷ ಇಷ್ಟು ವರ್ಷ ಸುಮ್ಮನೆ ಕುಳಿತಿಲ್ಲ. ಹಿಂದೆ ಒಂದು ನಿಯಮವಿತ್ತು. ಖಾತೆಗೆ ಮೂರು ವರ್ಷ ಹಣ ಬೀಳದಿದ್ದರೆ ಬಡ್ಡಿ ನಿಂತುಹೋಗುತ್ತಿತ್ತು. 2016ರ ನವೆಂಬರ್‌ನಲ್ಲಿ ಅದು ಬದಲಾಯಿತು. ನಿಮ್ಮ ಮೂರು ವರ್ಷ ತುಂಬುವುದಕ್ಕೆ ಆಗ ಇನ್ನೂ ಆರು ತಿಂಗಳು ಬಾಕಿ ಇತ್ತು. ಹಾಗಾಗಿ ನಿಮ್ಮ ಖಾತೆಗೆ ಬಡ್ಡಿ ತಪ್ಪಿಲ್ಲ, 58 ವರ್ಷದವರೆಗೆ ತಪ್ಪುವುದೂ ಇಲ್ಲ. 2014–15ರಲ್ಲಿ ಶೇ 8.75 ಇದ್ದ ದರ ಇಳಿದು 2024–25ಕ್ಕೆ ಶೇ 8.25 ಆಗಿದೆ. ವರ್ಷ ವರ್ಷದ ದರ ಹಿಡಿದು ಲೆಕ್ಕ ಹಾಕಿದರೆ ನಿಮ್ಮ ಮೊತ್ತ ಈಗ ಒಂಬತ್ತು ಲಕ್ಷ ದಾಟಿರಬೇಕು. ಇನ್ನು ಹದಿನಾಲ್ಕು ವರ್ಷ ಶೇ 8ರಂತೆ ಬೆಳೆಯಲು ಬಿಟ್ಟರೆ, ಒಂದು ರೂಪಾಯಿ ಸೇರಿಸದೆಯೂ ಅದು 26 ಲಕ್ಷವಾಗುತ್ತದೆ.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಹಳೆಯ ಪಿಎಫ್ ತೆಗೆಯಬೇಡಿ. ಮನೆ ಸಾಲದ ಬಡ್ಡಿಯೂ ಪಿಎಫ್ ಬಡ್ಡಿಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ತೆಗೆದು ಕಟ್ಟುವುದರಿಂದ ಸಿಗುವ ಲಾಭ ಚಿಕ್ಕದು. ಹಾಗೆ ತೆಗೆಯುವ ಹೊತ್ತಿನಲ್ಲಿ ಜನ ಅದರ ಜೊತೆಗೆ ಇನ್ನೊಂದನ್ನು ಕಳೆದುಕೊಳ್ಳುತ್ತಾರೆ. ಅದು ಹಣದ ಖಾತೆಯಲ್ಲ, ಸೇವಾವಧಿಯ ಖಾತೆ.

ಪಿಎಫ್ ಎಂದು ನಾವು ಕರೆಯುವುದರೊಳಗೆ ಎರಡು ಯೋಜನೆಗಳಿವೆ. ಒಂದು ಭವಿಷ್ಯ ನಿಧಿ, ಇನ್ನೊಂದು 1995ರ ನೌಕರರ ಪಿಂಚಣಿ ಯೋಜನೆ. ನಿಮ್ಮ ಪಾಲಿನ ಶೇ 12 ಪೂರ್ತಿಯಾಗಿ ಭವಿಷ್ಯ ನಿಧಿಗೆ ಹೋಗುತ್ತದೆ. ಸಂಸ್ಥೆ ಕಟ್ಟುವ ಶೇ 12ರಲ್ಲಿ ಒಂದಿಷ್ಟು ಪಿಂಚಣಿ ಯೋಜನೆಗೆ ಹೋಗುತ್ತದೆ. ಈಗಿನ 15,000ದ ವೇತನ ಮಿತಿಯಲ್ಲಿ ಅದು ತಿಂಗಳಿಗೆ 1,250. ಪಿಂಚಣಿ ಯೋಜನೆಯಲ್ಲಿ ಹಣ ಬೆಳೆಯುವುದಿಲ್ಲ, ವರ್ಷಗಳು ಕೂಡುತ್ತವೆ. ಹತ್ತು ವರ್ಷದ ಸೇವೆ ತುಂಬಿದರೆ 58ರಿಂದ ಜೀವನಪರ್ಯಂತ ಪಿಂಚಣಿ. ತುಂಬದಿದ್ದರೆ ಒಂದಿಷ್ಟು ಹಣ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ನಿಮ್ಮ ಸೇವೆ ಎಂಟು ವರ್ಷ ಎಂಟು ತಿಂಗಳು. ಇಷ್ಟು ಹತ್ತಿರ ಬಂದು ನಿಂತಿದ್ದೀರಿ. ಇನ್ನು ಒಂದು ವರ್ಷ ನಾಲ್ಕು ತಿಂಗಳು ದುಡಿದರೆ ಹತ್ತು ತುಂಬುತ್ತದೆ. ಈಗ ಪಿಂಚಣಿ ಭಾಗವನ್ನೂ ತೆಗೆದುಬಿಟ್ಟರೆ ಅರವತ್ತು ಸಾವಿರದ ಆಸುಪಾಸು ಕೈಗೆ ಬಂದು ಆ ವರ್ಷಗಳು ಅಳಿಸಿಹೋಗುತ್ತವೆ. ಅಷ್ಟೇ ಅಲ್ಲ, 2014ರ ಸೆಪ್ಟೆಂಬರ್ ಒಂದರ ನಂತರ 15,000ಕ್ಕಿಂತ ಹೆಚ್ಚಿನ ವೇತನದಲ್ಲಿ ಹೊಸದಾಗಿ ಸೇರುವವರಿಗೆ ಪಿಂಚಣಿ ಯೋಜನೆಯಲ್ಲಿ ಪ್ರವೇಶವಿಲ್ಲ. ನೀವು ಹಳೆಯ ಸದಸ್ಯರಾದ್ದರಿಂದ ಬಾಗಿಲು ತೆರೆದಿದೆ. ಹಣ ತೆಗೆದುಕೊಂಡ ದಿನ ಅದು ಮುಚ್ಚುತ್ತದೆ.

ಎಷ್ಟು ಪಿಂಚಣಿ ಬರಬಹುದು? ಲೆಕ್ಕದ ಸೂತ್ರ ಸರಳ: ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ನಿಮ್ಮ ಹಳೆಯ ಸೇವೆಗೆ ಆಗಿನ ಮಿತಿಯಾದ 6,500 ಹಿಡಿಯುತ್ತಾರೆ, ಹೊಸದಕ್ಕೆ 15,000. 58ರವರೆಗೆ ಹನ್ನೆರಡು ವರ್ಷ ದುಡಿದಿರಿ ಎಂದುಕೊಂಡರೆ ಹಳೆಯದರಿಂದ ಸುಮಾರು 800, ಹೊಸದರಿಂದ ಸುಮಾರು 2,570, ಒಟ್ಟು ತಿಂಗಳಿಗೆ 3,400ರ ಹತ್ತಿರ. ಇದು ದೊಡ್ಡ ಮೊತ್ತವಲ್ಲ, ಬೆಲೆ ಏರಿದಂತೆ ಏರುವುದೂ ಇಲ್ಲ. ಆದರೆ ಇನ್ನೊಂದು ಬದಿಯಿಂದ ನೋಡಿ. ಅದೇ 1,250ನ್ನು ಹನ್ನೆರಡು ವರ್ಷ ಶೇ 8ರಲ್ಲಿ ಬೆಳೆಸಿದರೆ ಮೂರು ಲಕ್ಷಕ್ಕೆ ಸ್ವಲ್ಪ ಕಡಿಮೆ ಆಗುತ್ತದೆ. ಅದನ್ನು ಶೇ 7ರ ಠೇವಣಿಯಲ್ಲಿಟ್ಟರೆ ತಿಂಗಳಿಗೆ 1,700 ಬರುತ್ತದೆ. ಠೇವಣಿಯಲ್ಲಿ ಅಸಲು ಉಳಿಯುತ್ತದೆ, ನಿಜ. ಪಿಂಚಣಿಯಲ್ಲಿ ನಿಮ್ಮ ನಂತರ ಪತಿಗೆ ಅರ್ಧದಷ್ಟು ಬರುತ್ತದೆ. ನಿಮ್ಮ ಸ್ಥಿತಿಯಲ್ಲಿ ಪಿಂಚಣಿ ಮುಂದುವರಿಸುವುದೇ ಲಾಭ ಎಂಬುದು ನನ್ನ ಅಭಿಪ್ರಾಯ.

ಈ ಕೊಂಡಿ ಕಳಚುವುದು ಎಲ್ಲಿ ಗೊತ್ತೇ? ಕೆಲಸಕ್ಕೆ ಸೇರುವ ಮೊದಲ ದಿನ, ಹತ್ತಾರು ಕಾಗದಗಳಿಗೆ ಸಹಿ ಹಾಕುವ ಗಡಿಬಿಡಿಯಲ್ಲಿ. ಅವುಗಳಲ್ಲಿ ಫಾರಂ 11 ಎಂಬ ಒಂದು ಪುಟದ ಘೋಷಣೆ ಇರುತ್ತದೆ. ನೀವು ಹಿಂದೆ ಭವಿಷ್ಯ ನಿಧಿಯ ಸದಸ್ಯರಾಗಿದ್ದಿರಾ, ಪಿಂಚಣಿ ಯೋಜನೆಯ ಸದಸ್ಯರಾಗಿದ್ದಿರಾ ಎಂದು ಎರಡು ಪ್ರಶ್ನೆ. ಎರಡಕ್ಕೂ ‘ಹೌದು’ ಎಂದೇ ಬರೆಯಬೇಕು. ನಾನು ಪಿಎಫ್ ವಿಭಾಗ ನೋಡಿಕೊಳ್ಳುತ್ತಿದ್ದ ವರ್ಷಗಳಲ್ಲಿ ನಿಮ್ಮಂತೆಯೇ ಹತ್ತು ವರ್ಷ ಬಿಟ್ಟು ಮರಳಿದ ಒಬ್ಬ ಹೆಣ್ಣುಮಗಳು ಬಂದು ಕುಳಿತಿದ್ದರು. ಅವರ ಹೊಸ ಸಂಸ್ಥೆಯ ಎಚ್‌ಆರ್‌ನವರು, ಇಷ್ಟು ವರ್ಷ ಅಂತರವಿದೆಯಲ್ಲ, ಹೊಸಬರೆಂದೇ ಹಾಕೋಣ ಎಂದು ಎರಡಕ್ಕೂ ‘ಇಲ್ಲ’ ಎಂದು ಗುರುತು ಹಾಕಿದ್ದರು. ವೇತನ ಮಿತಿಗಿಂತ ಹೆಚ್ಚಿದ್ದುದರಿಂದ ವ್ಯವಸ್ಥೆ ಅವರನ್ನು ಪಿಂಚಣಿಯಿಂದ ಹೊರಗೆ ಇರಿಸಿತು. ಅವರಿಗೆ ವಿಷಯ ತಿಳಿದದ್ದು ಮೂರು ವರ್ಷದ ಮೇಲೆ. ಸರಿಪಡಿಸಲು ಓಡಾಡಿದ್ದು ಇನ್ನೂ ಒಂದು ವರ್ಷ. ಒಂದು ಚೌಕದಲ್ಲಿ ಬಿದ್ದ ತಪ್ಪು ಗುರುತಿಗೆ ಇಷ್ಟು ಬೆಲೆ.

ಎಚ್‌ಆರ್ ಏನು ಮಾಡಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಮೊದಲ ತಿಂಗಳ ಹಣ ಜಮಾ ಆದ ಮೇಲೆ ಪಿಎಫ್ ಪಾಸ್‌ಬುಕ್ ತೆರೆಯಿರಿ. ಅದರಲ್ಲಿ ಹಣದ ಮೂರು ಕಾಲಂ ಇರುತ್ತವೆ: ನೌಕರರ ಪಾಲು, ಸಂಸ್ಥೆಯ ಪಾಲು, ಪಿಂಚಣಿ ವಂತಿಗೆ. ನಿಮ್ಮ 45,000 ಮೂಲ ವೇತನಕ್ಕೆ ಮೊದಲನೆಯದರಲ್ಲಿ 5,400, ಎರಡನೆಯದರಲ್ಲಿ 4,150, ಮೂರನೆಯದರಲ್ಲಿ 1,250 ಇರಬೇಕು. ಮೂರನೆಯ ಕಾಲಂನಲ್ಲಿ ಸೊನ್ನೆ ಕಂಡರೆ ಅದೇ ವಾರ ಬರಹದಲ್ಲಿ ದೂರು ಕೊಡಿ. ಮೊದಲನೆಯದರಲ್ಲಿ 1,800 ಮಾತ್ರ ಕಂಡರೆ ಸಂಸ್ಥೆ ನಿಮ್ಮ ಪಿಎಫ್ಅನ್ನು 15,000ದ ಮಿತಿಗೆ ಕಟ್ಟಿಹಾಕಿದೆ ಎಂದರ್ಥ. ಅದು ಕಾನೂನಿಗೆ ವಿರುದ್ಧವಲ್ಲ, ಆದರೆ ನಿಮಗೆ ಬೇಕಾದದ್ದು ಅದಲ್ಲ. ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲೇ, ಪೂರ್ಣ ಮೂಲ ವೇತನದ ಮೇಲೆ ಪಿಎಫ್ ಕಟ್ಟುತ್ತೀರಾ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತೆಗೆದುಕೊಳ್ಳಿ.

ಇನ್ನು ಹಳೆಯ ಖಾತೆಯನ್ನು ಹುಡುಕಿ ಹೊಸದಕ್ಕೆ ಜೋಡಿಸುವ ಕೆಲಸ. ನೀವು ಕೆಲಸ ಬಿಟ್ಟ 2014ರಲ್ಲೇ ಯುಎಎನ್ ಎಂಬ ಹನ್ನೆರಡು ಅಂಕಿಯ ಶಾಶ್ವತ ಸಂಖ್ಯೆ ಜಾರಿಗೆ ಬಂತು. ನಿಮ್ಮ ಹೆಸರಿನಲ್ಲಿ ಒಂದು ಸಂಖ್ಯೆ ಹುಟ್ಟಿರಲೂಬಹುದು, ನೀವು ಹೊರಟುಹೋದ್ದರಿಂದ ನಿಮಗೆ ತಲುಪದೆ ಇರಲೂಬಹುದು. ಹೊಸ ಸಂಸ್ಥೆ ಇದನ್ನು ನೋಡದೆ ಇನ್ನೊಂದು ಸಂಖ್ಯೆ ಮಾಡಿಸಿದರೆ ನಿಮಗೆ ಎರಡು ಯುಎಎನ್ ಆಗುತ್ತವೆ. ಆಗ ಹಳೆಯ ಸೇವೆ ಒಂದು ಕಡೆ, ಹೊಸದು ಇನ್ನೊಂದು ಕಡೆ ಉಳಿಯುತ್ತದೆ. ಆದ್ದರಿಂದ ಸೇರುವ ಮೊದಲೇ ಹಳೆಯ ಸಂಬಳ ಚೀಟಿಗಳನ್ನು ಹುಡುಕಿ. ಬೀರುವಿನ ಕೆಳಗಿನ ಖಾನೆಯಲ್ಲೋ, ಮದುವೆ ಆಲ್ಬಮ್ ಇಟ್ಟ ಸೂಟ್‌ಕೇಸಿನಲ್ಲೋ ಒಂದಾದರೂ ಸಿಗುತ್ತದೆ. ಅದರ ಮೇಲ್ಭಾಗದಲ್ಲಿ KN ಅಥವಾ BG ಎಂದು ಶುರುವಾಗುವ ಪಿಎಫ್ ಸಂಖ್ಯೆ ಇರುತ್ತದೆ. ಅದಿದ್ದರೆ ಅರ್ಧ ಕೆಲಸ ಮುಗಿದಂತೆ. ಸಿಗದಿದ್ದರೆ ಹಳೆಯ ಸಂಸ್ಥೆಯ ಎಚ್‌ಆರ್‌ಗೆ ನೌಕರ ಸಂಖ್ಯೆ ಕೊಟ್ಟು ಕೇಳಿ.

ಇಲ್ಲಿ ನಮ್ಮ ಕಡೆಯವರಿಗೆ ತಪ್ಪದ ಒಂದು ತೊಡಕಿದೆ, ಹೆಸರು. 2005ರಲ್ಲಿ ನಿಮ್ಮ ಹೆಸರಿನ ಮುಂದೆ ಊರಿನದೊಂದು, ತಂದೆಯದೊಂದು ಇನಿಷಿಯಲ್ ಇದ್ದಿರಬಹುದು. ಆಧಾರ್‌ನಲ್ಲಿ ಅವೇ ಅಕ್ಷರಗಳು ಹೆಸರಿನ ಹಿಂದೆ ಹೋಗಿರಬಹುದು, ಅಥವಾ ತಂದೆಯ ಹೆಸರಿನ ಜಾಗಕ್ಕೆ ಗಂಡನ ಹೆಸರು ಬಂದಿರಬಹುದು. ನಮಗೆ ಇವೆಲ್ಲ ಒಬ್ಬರೇ ಎಂದು ಗೊತ್ತು. ಕಂಪ್ಯೂಟರಿಗೆ ಇವರು ಇಬ್ಬರು. ಹೆಸರು, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ, ಈ ನಾಲ್ಕೂ ಹೊಂದದೆ ವರ್ಗಾವಣೆ ಆಗುವುದಿಲ್ಲ. ಆ ಕಾಲದ ಬಹಳ ಖಾತೆಗಳಲ್ಲಿ ಬಿಟ್ಟ ದಿನವನ್ನು ಸಂಸ್ಥೆ ದಾಖಲಿಸಿಯೇ ಇರುವುದಿಲ್ಲ. ಮೊದಲು ನೀವೂ ಸಂಸ್ಥೆಯೂ ಸೇರಿ ಕೊಡುವ ಜಂಟಿ ಘೋಷಣೆಯ ಮೂಲಕ ಇವನ್ನು ಸರಿಪಡಿಸಿ, ಆಮೇಲೆ ವರ್ಗಾವಣೆಗೆ ಅರ್ಜಿ ಹಾಕಿ. ಮೊದಲೇ ಅರ್ಜಿ ಹಾಕಿದರೆ ತಿರಸ್ಕಾರವಾಗಿ ಮತ್ತೆ ಮೊದಲಿನಿಂದ ಬರಬೇಕು.

ನಿಮ್ಮ ಹಳೆಯ ಸಂಸ್ಥೆ ಸ್ವಂತ ಪಿಎಫ್ ಟ್ರಸ್ಟ್ ನಡೆಸುತ್ತಿದ್ದರೆ ದಾರಿ ಸ್ವಲ್ಪ ಬೇರೆ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಇದು ಸಾಮಾನ್ಯ. ಹಣ ಟ್ರಸ್ಟ್‌ನಲ್ಲಿರುತ್ತದೆ, ಪಿಂಚಣಿ ಸೇವೆ ಮಾತ್ರ ಸರ್ಕಾರಿ ಕಚೇರಿಯಲ್ಲಿರುತ್ತದೆ. ಆಗ ವರ್ಗಾವಣೆಯ ಜೊತೆ ‘ಅನೆಕ್ಷರ್ ಕೆ’ ಎಂಬ ವಿವರ ಪಟ್ಟಿ ಹೋಗಬೇಕು. ಅದರ ಪ್ರತಿಯೊಂದನ್ನು ಕೇಳಿ ತೆಗೆದುಕೊಂಡು, ಪಿಂಚಣಿ ಸೇವೆ ಎಂಟು ವರ್ಷ ಎಂಟು ತಿಂಗಳು ಎಂದೇ ಇದೆಯೇ ನೋಡಿ. ಹಣ ಬಂದು ಸೇವೆ ಬಾರದೆ ಉಳಿದದ್ದನ್ನು ನಾನು ಬಹಳ ಸಲ ಕಂಡಿದ್ದೇನೆ. ಎಲ್ಲೂ ಮುಂದೆ ಸಾಗದಿದ್ದರೆ ಪಿಎಫ್ ಕಚೇರಿಯವರು ಪ್ರತಿ ತಿಂಗಳು 27ರಂದು ‘ನಿಧಿ ಆಪ್ಕೆ ನಿಕಟ್’ ಎಂಬ ಶಿಬಿರ ನಡೆಸುತ್ತಾರೆ. ಸಂಬಳ ಚೀಟಿ, ರಿಲೀವಿಂಗ್ ಲೆಟರ್, ಆಧಾರ್ ಹಿಡಿದು ಅಲ್ಲಿಗೆ ಹೋಗಿ. ಬೆಂಗಳೂರಿನಲ್ಲಿ ಪಿಎಫ್ ಕಚೇರಿಗಳು ಹಲವು ಇವೆ. ನಿಮ್ಮ ಖಾತೆ ರಾಜಾರಾಮ್ ಮೋಹನ್ ರಾಯ್ ರಸ್ತೆಯ ಭವಿಷ್ಯ ನಿಧಿ ಭವನಕ್ಕೆ ಸೇರಿದ್ದೋ ಬೇರೆಯದಕ್ಕೋ ಎಂಬುದನ್ನು ಮೊದಲೇ ತಿಳಿದುಕೊಂಡರೆ ಒಂದು ದಿನದ ಓಡಾಟ ಉಳಿಯುತ್ತದೆ.

ಒಂದು ತೆರಿಗೆ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಲಸ ಬಿಟ್ಟ ನಂತರದ ವರ್ಷಗಳಲ್ಲಿ ಬಂದ ಪಿಎಫ್ ಬಡ್ಡಿಗೆ ತೆರಿಗೆ ವಿನಾಯಿತಿ ಇಲ್ಲ ಎಂದು ಆದಾಯ ತೆರಿಗೆ ನ್ಯಾಯಮಂಡಳಿಯ ಬೆಂಗಳೂರು ಪೀಠ 2017ರಲ್ಲಿ ತೀರ್ಪು ಕೊಟ್ಟಿದೆ. ಹೆದರಬೇಡಿ. ಆ ವರ್ಷಗಳಲ್ಲಿ ನಿಮಗೆ ಬೇರೆ ಆದಾಯ ಇರಲಿಲ್ಲವಾದರೆ, ವರ್ಷಕ್ಕೆ ಮೂವತ್ತರಿಂದ ಎಪ್ಪತ್ತು ಸಾವಿರದ ಬಡ್ಡಿ ತೆರಿಗೆಯ ಮಿತಿಯೊಳಗೇ ಇರುತ್ತದೆ. ತೊಂದರೆ ಬರುವುದು ಮುಂದೆ ಎಂದೋ ಅಷ್ಟನ್ನೂ ಒಂದೇ ವರ್ಷದ ಆದಾಯವೆಂದು ಯಾರಾದರೂ ಎಣಿಸಿದಾಗ. ವರ್ಷವಾರು ಪಾಸ್‌ಬುಕ್ ಪ್ರತಿಗಳನ್ನು ಈಗಲೇ ಇಳಿಸಿ ಇಟ್ಟುಕೊಳ್ಳಿ, ನಿಮ್ಮ ಆಡಿಟರ್‌ಗೂ ಒಂದು ಪ್ರತಿ ಕೊಡಿ.

ಈಗ ಯಾವ ಕೆಲಸ ಎಂಬ ಪ್ರಶ್ನೆ. ಕನ್ಸಲ್ಟೆಂಟ್ ಕರಾರಿನಲ್ಲಿ ವರ್ಷಕ್ಕೆ 13.2 ಲಕ್ಷ, ನೌಕರಿಯಲ್ಲಿ 12 ಲಕ್ಷ. ಮೇಲುನೋಟಕ್ಕೆ ಮೊದಲನೆಯದೇ ದೊಡ್ಡದು. ಸಂಸ್ಥೆ ಕಟ್ಟುವ ಪಿಎಫ್ ಕೂಡ ಸಿಟಿಸಿಯೊಳಗಿನ ನಿಮ್ಮದೇ ಹಣ, ಅದನ್ನು ಉಡುಗೊರೆಯೆಂದು ಎಣಿಸಬಾರದು. ಆದರೂ ನಾನು ನೌಕರಿಯನ್ನೇ ಆರಿಸುತ್ತೇನೆ. ಪಿಂಚಣಿ ಸೇವೆ ಮುಂದುವರಿಯುವುದು ನೌಕರಿಯಲ್ಲಿ ಮಾತ್ರ. ಸ್ವಯಂಪ್ರೇರಿತ ಪಿಎಫ್, ಅಂದರೆ ವಿಪಿಎಫ್, ಇರುವುದೂ ಅಲ್ಲಿ ಮಾತ್ರ. ತಡವಾಗಿ ಶುರು ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಸುರಕ್ಷಿತ ಜಾಗ ಇಲ್ಲ. ಕನ್ಸಲ್ಟೆಂಟ್ ಆದವರಿಗೆ ಉಳಿಯುವ ಪಿಪಿಎಫ್‌ನಲ್ಲಿ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ, ಬಡ್ಡಿ 2020ರ ಏಪ್ರಿಲ್‌ನಿಂದ ಶೇ 7.1. ಮೇಲಾಗಿ ಕರಾರು ನವೀಕರಣವಾಗದ ತಿಂಗಳು ನಿಮ್ಮ ಉಳಿತಾಯವೂ ನಿಲ್ಲುತ್ತದೆ. ಕರಾರಿನವರು ತಿಂಗಳಿಗೆ ಒಂದೂವರೆ ಲಕ್ಷ ಕೊಡುತ್ತೇವೆ ಎಂದಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು.

ಇನ್ನು ‘ಬೇಗ’ ಎಂಬ ಮಾತಿಗೆ ಬರೋಣ. ನಿಮ್ಮ ತಮ್ಮ ಅಕ್ಕನ ಮೇಲಿನ ಕಾಳಜಿಯಿಂದಲೇ ಹೇಳಿದ್ದಾರೆ. ಆದರೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ನೂರು ಜನ ಸಾಮಾನ್ಯ ಹೂಡಿಕೆದಾರರಲ್ಲಿ 93 ಮಂದಿ ನಷ್ಟ ಮಾಡಿಕೊಂಡಿದ್ದಾರೆ. ಅದು ನಿವೃತ್ತಿಯ ಹಣ ಇಡುವ ಜಾಗವಲ್ಲ.

ಹದಿನಾಲ್ಕು ವರ್ಷದಷ್ಟು ಕಡಿಮೆ ಅವಧಿಯಲ್ಲಿ ವೇಗ ಬರುವುದು ಲಾಭದ ದರದಿಂದಲ್ಲ, ತಿಂಗಳು ತಿಂಗಳು ಎಷ್ಟು ಹಾಕುತ್ತೀರಿ ಎಂಬುದರಿಂದ. ತಿಂಗಳಿಗೆ 10,000 ಹಾಕಿ ಶೇ 12ರ ಲಾಭ ಗಳಿಸಿದರೆ ಹದಿನಾಲ್ಕು ವರ್ಷಕ್ಕೆ 41 ಲಕ್ಷ. ತಿಂಗಳಿಗೆ 30,000 ಹಾಕಿ ಬರೀ ಶೇ 8 ಗಳಿಸಿದರೆ 90 ಲಕ್ಷ. ಆ 10,000ದಿಂದಲೇ 90 ಲಕ್ಷ ಬರಬೇಕಾದರೆ ಹದಿನಾಲ್ಕು ವರ್ಷವೂ ಬಿಡದೆ ಶೇ 22ರಷ್ಟು ಲಾಭ ಬರಬೇಕು. ಅಷ್ಟನ್ನು ನಿಮಗೆ ಯಾರೂ ಖಾತರಿಯಾಗಿ ಕೊಡಲಾರರು. ತಿಂಗಳಿಗೆ 30,000 ಎತ್ತಿಡುವುದು ಮಾತ್ರ ನಿಮ್ಮ ಕೈಯಲ್ಲೇ ಇದೆ.

ಯಾಕೆಂದರೆ ನಿಮ್ಮ ಮನೆ ಹನ್ನೆರಡು ವರ್ಷದಿಂದ ಈ ಸಂಬಳವಿಲ್ಲದೆ ನಡೆದಿದೆ. ಉಳಿತಾಯದ ದೃಷ್ಟಿಯಲ್ಲಿ ಇದು ಬಹಳ ದೊಡ್ಡ ಅನುಕೂಲ, ಆದರೆ ಇದು ಹೆಚ್ಚು ದಿನ ಇರುವುದಿಲ್ಲ. ಎರಡನೇ ಸಂಬಳ ಮನೆಯೊಳಗೆ ಬಂದ ಮೂರ್ನಾಲ್ಕು ತಿಂಗಳಲ್ಲಿ ಹೊಸ ಕಾರಿನ ಮಾತು, ಮಕ್ಕಳಿಗೆ ಇನ್ನೊಂದು ಕೋಚಿಂಗ್, ಅಡುಗೆಮನೆ ನವೀಕರಣ ಎಲ್ಲವೂ ತಮಗೊಂದು ಕಂತು ಮಾಡಿಕೊಳ್ಳುತ್ತವೆ. ಒಮ್ಮೆ ಕಂತು ಶುರುವಾದರೆ ಹಿಂದಕ್ಕೆ ಬರುವುದು ಕಷ್ಟ. ಹಾಗಾಗಿ ಮೊದಲ ಸಂಬಳ ಬರುವ ಮೊದಲೇ ಹಣ ಹೋಗುವ ದಾರಿಗಳನ್ನು ಕಟ್ಟಿಬಿಡಬೇಕು.

ನಿಮ್ಮ ಸಿಟಿಸಿಯಿಂದ ಸಂಸ್ಥೆಯ ಪಿಎಫ್ ಪಾಲು ಮತ್ತು ಗ್ರಾಚ್ಯುಟಿಗೆ ಎತ್ತಿಡುವ ಹಣ ಕಳೆದರೆ ತಿಂಗಳಿಗೆ ಸುಮಾರು 92,400 ಉಳಿಯುತ್ತದೆ. ಅದರಲ್ಲಿ ನಿಮ್ಮ ಪಿಎಫ್ 5,400, ವೃತ್ತಿ ತೆರಿಗೆ 200 ಹೋಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲವಾದ್ದರಿಂದ ಆದಾಯ ತೆರಿಗೆ ಸೊನ್ನೆ. ಕೈಗೆ ಸುಮಾರು 86,800 ಬರುತ್ತದೆ.

ಇದರಲ್ಲಿ 15,000ವನ್ನು ವಿಪಿಎಫ್‌ಗೆ ಹಾಕಿಸಿ. ಇದು ಸಂಬಳದಲ್ಲೇ ಕಡಿತವಾಗುವುದರಿಂದ ನಿಮ್ಮ ಬ್ಯಾಂಕ್ ಖಾತೆಯನ್ನೇ ಕಾಣುವುದಿಲ್ಲ, ಅದೇ ಇದರ ದೊಡ್ಡ ಗುಣ. 15,000ವೇ ಏಕೆಂದರೆ, ನೌಕರರ ಪಾಲು ವರ್ಷಕ್ಕೆ ಎರಡೂವರೆ ಲಕ್ಷ ದಾಟಿದರೆ ಹೆಚ್ಚುವರಿಯ ಮೇಲಿನ ಬಡ್ಡಿಗೆ ತೆರಿಗೆ ಬೀಳುತ್ತದೆ. ನಿಮ್ಮ 5,400 ಮತ್ತು 15,000 ಸೇರಿ ವರ್ಷಕ್ಕೆ 2,44,800 ಆಗಿ ಮಿತಿಯ ಒಳಗೇ ನಿಲ್ಲುತ್ತದೆ. ಮೂಲ ವೇತನ ಏರಿದ ವರ್ಷ ವಿಪಿಎಫ್ಅನ್ನು ಅಷ್ಟು ಇಳಿಸಬೇಕು. ಒಂದು ಎಚ್ಚರಿಕೆ: ಅನೇಕ ಸಂಸ್ಥೆಗಳು ವಿಪಿಎಫ್ ಬದಲಾವಣೆಗೆ ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ಅವಕಾಶ ಕೊಡುತ್ತವೆ. ಸೇರುವ ದಿನವೇ ಕೇಳಿ. ಆಮೇಲೆ ಮಾಡೋಣ ಎಂದರೆ ಮುಂದಿನ ಏಪ್ರಿಲ್ ಬರಬೇಕಾದೀತು.

ಇನ್ನು 15,000ವನ್ನು ನಿಫ್ಟಿ 50ರಂಥ ಸೂಚ್ಯಂಕವನ್ನು ಅನುಸರಿಸುವ ಇಂಡೆಕ್ಸ್ ಫಂಡ್‌ಗೆ ಎಸ್‌ಐಪಿ ಮಾಡಿ. ಸಂಬಳ ಬರುವ ಮರುದಿನದ ದಿನಾಂಕ ಕೊಡಿ. ಷೇರು ಬೇಕೇ ಎಂದರೆ, ಹದಿನಾಲ್ಕು ವರ್ಷ ಇರುವುದರಿಂದ ಒಂದು ಭಾಗ ಬೇಕು. ಅದಕ್ಕಿಂತ ಹೆಚ್ಚು ಬೇಡ, ಏಕೆಂದರೆ ನಿಮಗೆ ಒಂದು ದೊಡ್ಡ ಕುಸಿತವನ್ನು ಕಾದು ಕಳೆಯುವಷ್ಟು ಸಮಯ ಇದೆ, ಎರಡು ಕುಸಿತಕ್ಕೆ ಇಲ್ಲ. 55 ದಾಟಿದ ಮೇಲೆ ಈ ಹಣವನ್ನು ವರ್ಷಕ್ಕೆ ಐದನೇ ಒಂದು ಭಾಗದಂತೆ ಸುರಕ್ಷಿತ ಜಾಗಕ್ಕೆ ಸರಿಸುತ್ತ ಬನ್ನಿ.

ಎನ್‌ಪಿಎಸ್ ಮಾಡಿಸಿ ಎಂದು ನಿಮಗೆ ಎಲ್ಲರೂ ಹೇಳುತ್ತಾರೆ. ಸಂಸ್ಥೆಯ ಮೂಲಕ ಮೂಲ ವೇತನದ ಶೇ 14ರವರೆಗೆ ಕಟ್ಟಿಸಿದರೆ ಹೊಸ ಪದ್ಧತಿಯಲ್ಲೂ ವಿನಾಯಿತಿ ಇದೆ ಎಂಬುದು ನಿಜ. ಆದರೆ ನಿಮಗೆ ಈಗ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯನ್ನು ಉಳಿಸಲೆಂದು 60ರವರೆಗೆ ಬೀಗ ಹಾಕಿದ, ಒಂದು ಭಾಗವನ್ನು ಕಡ್ಡಾಯವಾಗಿ ಮಾಸಿಕ ಪಿಂಚಣಿಯಾಗಿಯೇ ತೆಗೆದುಕೊಳ್ಳಬೇಕಾದ ಯೋಜನೆಗೆ ಹಣ ಹಾಕುವ ಅವಸರ ಬೇಡ. ಸಂಬಳ 12.75 ಲಕ್ಷ ದಾಟಿದ ವರ್ಷ ಇದನ್ನು ಮತ್ತೆ ಎತ್ತಿಕೊಳ್ಳಿ, ಆಗ ಅದು ನಿಜವಾಗಿ ಪ್ರಯೋಜನಕ್ಕೆ ಬರುತ್ತದೆ.

ಒಟ್ಟು ಎಷ್ಟಾಗುತ್ತದೆ ನೋಡೋಣ. ನಿಮ್ಮ ಪಿಎಫ್, ಸಂಸ್ಥೆಯ ಪಾಲು, ವಿಪಿಎಫ್ ಸೇರಿ ತಿಂಗಳಿಗೆ 24,550. ಶೇ 8ರಂತೆ ಹದಿನಾಲ್ಕು ವರ್ಷಕ್ಕೆ ಸುಮಾರು 74 ಲಕ್ಷ. ಇಂಡೆಕ್ಸ್ ಫಂಡ್‌ಗೆ ಶೇ 10 ಎಂದು ಹಿಡಿದರೆ 52 ಲಕ್ಷ. ಹಳೆಯ ಪಿಎಫ್ 26 ಲಕ್ಷ. ಎಲ್ಲ ಸೇರಿ ಒಂದೂವರೆ ಕೋಟಿಯ ಮೇಲೆ. ಇದು ಸಂಬಳ ಒಂದು ರೂಪಾಯಿಯೂ ಏರಲಿಲ್ಲ ಎಂದುಕೊಂಡು ಹಾಕಿದ ಲೆಕ್ಕ. ಎಸ್‌ಐಪಿಯನ್ನು ವರ್ಷಕ್ಕೆ ಶೇ 7ರಷ್ಟು ಏರಿಸುತ್ತ ಹೋದರೆ ಆ 52 ಲಕ್ಷ ಮುಕ್ಕಾಲು ಕೋಟಿಯಾಗುತ್ತದೆ.

ಆದರೆ ಒಂದೂವರೆ ಕೋಟಿ ಎಂಬ ಮಾತಿಗೆ ಮರುಳಾಗಬೇಡಿ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಅದು ಇಂದಿನ 67 ಲಕ್ಷಕ್ಕೆ ಸಮ. ಮೊದಲ ವರ್ಷ ಶೇ 4ರಷ್ಟು ತೆಗೆದು, ಮುಂದೆ ಬೆಲೆ ಏರಿದಂತೆ ಏರಿಸಿಕೊಂಡು ಹೋಗುವುದಾದರೆ ಇಂದಿನ ಬೆಲೆಯಲ್ಲಿ ತಿಂಗಳಿಗೆ 22–23 ಸಾವಿರ. ಇದು ನಿಮ್ಮೊಬ್ಬರ ಪಾಲು ಅಷ್ಟೇ, ಯಜಮಾನರದು ಬೇರೆ ಇರುತ್ತದೆ. ಇದಕ್ಕೆ ದೊಡ್ಡ ಸೇರ್ಪಡೆ ಬರುವುದು ಮನೆ ಸಾಲದ ಕಡೆಯಿಂದ. ಸಾಲ ಮುಗಿದ ಮುಂದಿನ ತಿಂಗಳಿಂದಲೇ ಅದೇ 38,000ವನ್ನು ಉಳಿದ ಏಳು ವರ್ಷ ಶೇ 8ರ ಆದಾಯ ಬರುವೆಡೆ ಹಾಕಿದರೆ ಮತ್ತೆ 42 ಲಕ್ಷ. ಸಾಲವನ್ನು ಅದರ ಪಾಡಿಗೆ ಯಜಮಾನರ ಸಂಬಳದಲ್ಲಿ ತೀರಲು ಬಿಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ಕಂತು ಕಟ್ಟುವ ಅಭ್ಯಾಸ ಆ ಮನೆಗೆ ಆಗಲೇ ಇದೆ.

ಈ ಇಡೀ ಲೆಕ್ಕ ಒಂದೇ ಕಡೆ ಮುರಿಯಬಹುದು, ಅದು ನೀವು ಮತ್ತೆ ಕೆಲಸ ಬಿಡುವುದು. ನೀವು ಹಿಂದೆ ಬಿಟ್ಟದ್ದು ಆರೈಕೆಗಾಗಿ, ಆ ಕಾರಣ ಮನೆಯಲ್ಲಿ ಇನ್ನೂ ಇದೆ. ಅತ್ತೆಯವರಿಗೆ ಹಗಲು ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಳ್ಳುವುದನ್ನು ದುಂದು ಎಂದುಕೊಳ್ಳಬೇಡಿ. ತಿಂಗಳಿಗೆ 20,000 ಅದಕ್ಕೇ ಹೋದರೂ, ಮೇಲಿನ ಕಡಿತಗಳೆಲ್ಲ ಕಳೆದು ಉಳಿಯುವ 56,800ರಲ್ಲಿ ಅದಕ್ಕೆ ಜಾಗವಿದೆ. ನೀವು ಮನೆಯಲ್ಲಿ ನಿಂತರೆ ಆ ತಿಂಗಳು ನಿಲ್ಲುವ ಉಳಿತಾಯವೇ 39,550. ಮನೆಯವರು ಈ ಎರಡು ಅಂಕಿಗಳನ್ನು ಒಮ್ಮೆ ಒಟ್ಟಿಗೆ ನೋಡಲಿ. ಹಾಗೆಯೇ ಮೊದಲ ಐದಾರು ತಿಂಗಳು ಎಸ್‌ಐಪಿಯ 15,000ವನ್ನೂ, ಖರ್ಚು ಕಳೆದು ಉಳಿದದ್ದನ್ನೂ ಬೇರೆ ಉಳಿತಾಯ ಖಾತೆಯಲ್ಲೋ ಠೇವಣಿಯಲ್ಲೋ ಇಟ್ಟು ಎರಡು ಲಕ್ಷದಷ್ಟು ಆಪದ್ಧನ ಮಾಡಿಕೊಳ್ಳಿ, ಆಮೇಲೆ ಎಸ್‌ಐಪಿ ಶುರುವಾಗಲಿ. ವಿಪಿಎಫ್ ಮಾತ್ರ ಮೊದಲ ತಿಂಗಳಿಂದಲೇ ಇರಲಿ. ಅಷ್ಟಾದ ಮೇಲೂ ಅನಿವಾರ್ಯವಾಗಿ ಬಿಡಬೇಕಾಗಿ ಬಂದರೆ, ಪಿಂಚಣಿಯ ಹತ್ತು ವರ್ಷ ತುಂಬುವ ಆ ಒಂದು ವರ್ಷ ನಾಲ್ಕು ತಿಂಗಳನ್ನಾದರೂ ದಾಟಿ ಬಿಡಿ.

ಈ ವಾರ ಮಾಡಬೇಕಾದದ್ದು ಹಳೆಯ ಸಂಬಳ ಚೀಟಿ ಹುಡುಕುವುದು ಮತ್ತು ಆಧಾರ್‌ನಲ್ಲಿ ನಿಮ್ಮ ಹೆಸರು ಯಾವ ಕ್ರಮದಲ್ಲಿ ಇದೆ ಎಂದು ನೋಡುವುದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸ ಕಂಡರೆ ಏನೆಂದು ನನಗೆ ಬರೆಯಿರಿ. ಜಂಟಿ ಘೋಷಣೆಯಲ್ಲಿ ಅದಕ್ಕೆ ಯಾವ ದಾಖಲೆ ಲಗತ್ತಿಸಬೇಕೆಂದು ತಿಳಿಸುತ್ತೇನೆ.